ಮೂರೇ ವರ್ಷಕ್ಕೆ ದುಡ್ಡು ವಾಪಸ್ ಅಂತಾರೆ, ಕಾಫಿ ಡ್ರೈಯರ್ ಕೊಳ್ಳಲಾ?

ಪ್ರಶ್ನೆ: ಸುಂಟಿಕೊಪ್ಪ ಹತ್ತಿರ ನಮ್ಮದು 35 ಎಕರೆ ಕಾಫಿ ತೋಟ. ಕಣದ ಕೆಲಸಕ್ಕೆ ಆಳು ಸಿಗೋದೇ ಕಷ್ಟ ಆಗಿದೆ. ಒಂದು ಡ್ರೈಯರ್ ನೋಡಿದ್ದೇವೆ, 10,80,000 ರೂಪಾಯಿ. ವರ್ಷಕ್ಕೆ 600 ಆಳು ಉಳಿಯುತ್ತೆ, ಆಳಿಗೆ 600 ಅಂದ್ರೆ 3,60,000, ಮೂರೇ ವರ್ಷಕ್ಕೆ ದುಡ್ಡು ವಾಪಸ್ ಅಂತ ಡೀಲರ್ ಹೇಳ್ತಾರೆ. ಅವರ ಹಾಳೆಯಲ್ಲಿ ರಿಟರ್ನ್ 40% ಅಂತಲೂ ಬರೆದಿದೆ. ಬಿ.ಕಾಂ ಓದ್ತಿರೋ ನನ್ನ ತಂಗಿ ಮಗ ಅದೇ ಲೆಕ್ಕ ಹಾಕಿ 22% ಅಂತಾನೆ. ಬ್ಯಾಂಕಲ್ಲಿ 9 ಲಕ್ಷ ಸಾಲ 10% ಬಡ್ಡಿಗೆ, ಐದು ವರ್ಷಕ್ಕೆ ಸಿಗುತ್ತೆ. ಯಾರ ಮಾತು ನಂಬಲಿ?

ಉತ್ತರ: ಕೂಡುವುದು ಕಳೆಯುವುದರಲ್ಲಿ ಯಾರದೂ ತಪ್ಪಿಲ್ಲ. ತಪ್ಪು ಇರುವುದು ಎಲ್ಲರ ಲೆಕ್ಕಕ್ಕೂ ಬುಡವಾದ ಆ 3,60,000ದಲ್ಲಿ. ಅಲ್ಲಿಗೆ ಹೋಗುವ ಮೊದಲು 40 ಮತ್ತು 22ರ ಜಗಳ ಬಗೆಹರಿಸಿಬಿಡೋಣ. ಅದು ಬೇಗ ಮುಗಿಯುತ್ತೆ.

ನೀವು ಕಳಿಸಿದ ಡೀಲರ್ ಹಾಳೆಯ ಫೋಟೋ ನೋಡಿದೆ. ಯಂತ್ರದ ಆಯುಸ್ಸು 8 ವರ್ಷ, ಕೊನೆಗೆ ಗುಜರಿ ಬೆಲೆ 1,20,000 ಅಂತ ಹಾಕಿದ್ದಾರೆ. ಅಂದರೆ 8 ವರ್ಷದಲ್ಲಿ ಯಂತ್ರದ ಬೆಲೆ 9,60,000 ಕರಗುತ್ತದೆ. ವರ್ಷಕ್ಕೆ ಸಮನಾಗಿ ಹಂಚಿದರೆ ಸವಕಳಿ 1,20,000. ಉಳಿತಾಯ 3,60,000ದಿಂದ ಇದನ್ನು ಕಳೆದರೆ ಪುಸ್ತಕದಲ್ಲಿ ಕಾಣುವ ಲಾಭ 2,40,000. ಈ ಲಾಭವನ್ನು ಹಾಕಿದ ಬಂಡವಾಳದಿಂದ ಭಾಗಿಸಿದರೆ ಬರುವುದೇ ಅಕೌಂಟಿಂಗ್ ರೇಟ್ ಆಫ್ ರಿಟರ್ನ್, ಚಿಕ್ಕದಾಗಿ ಎಆರ್‌ಆರ್.

ಯಾವ ಬಂಡವಾಳದಿಂದ ಭಾಗಿಸಬೇಕು ಅನ್ನುವುದರಲ್ಲೇ ಇರುವುದು ಜಗಳ. ನಿಮ್ಮ ತಂಗಿ ಮಗ ಮೊದಲ ದಿನ ಕೊಟ್ಟ 10,80,000ದಿಂದ ಭಾಗಿಸಿದ್ದಾನೆ, 22.2% ಬಂತು. ಡೀಲರ್ ಸರಾಸರಿ ಬಂಡವಾಳ ಹಿಡಿದಿದ್ದಾರೆ. ಪುಸ್ತಕದಲ್ಲಿ ಯಂತ್ರದ ಬೆಲೆ 10,80,000ದಿಂದ ಶುರುವಾಗಿ 1,20,000ಕ್ಕೆ ಇಳಿಯುತ್ತದಲ್ಲ, ಎರಡನ್ನೂ ಕೂಡಿ ಅರ್ಧ ಮಾಡಿದರೆ 6,00,000. ಅದರ ಮೇಲೆ 2,40,000 ಅಂದರೆ ಸರಿಯಾಗಿ 40%. ಪಠ್ಯಪುಸ್ತಕಗಳಲ್ಲಿ ಎರಡೂ ರೀತಿ ಇವೆ, ಹುಡುಗನನ್ನು ಬಯ್ಯಬೇಡಿ. ಒಂದೇ ಯಂತ್ರ, ಒಂದೇ ಉಳಿತಾಯ, ಆದರೂ ಶೇಕಡಾ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟು. ಯಾರಾದರೂ ಎಆರ್‌ಆರ್ ಹೇಳಿದರೆ ಮೊದಲು ಕೇಳಬೇಕಾದ್ದು “ಯಾವುದರ ಮೇಲೆ?” ಅಂತ. ಎರಡು ಯಂತ್ರ ಹೋಲಿಸುವಾಗ ಎರಡಕ್ಕೂ ಒಂದೇ ರೀತಿ ಹಿಡಿದಿದ್ದಾರಾ ಅಂತಲೂ ನೋಡಿ.

ಸರಾಸರಿ ಬಂಡವಾಳದ ರೀತಿಯಲ್ಲಿ ಇನ್ನೊಂದು ತಮಾಷೆ ಇದೆ. ಡೀಲರ್ ಹಾಳೆಯಲ್ಲಿ ಗುಜರಿ ಬೆಲೆ 1,20,000 ಬದಲು 2,00,000 ಅಂತ ಹಾಕಿ ನೋಡಿ. ನಿಮಗೆ ಕೊನೆಯಲ್ಲಿ 80,000 ಜಾಸ್ತಿ ಸಿಗುತ್ತೆ, ಒಳ್ಳೆಯದೇ ಅಲ್ವಾ? ಎಆರ್‌ಆರ್ ಮಾತ್ರ 40ರಿಂದ ಸುಮಾರು 39ಕ್ಕೆ ಇಳಿಯುತ್ತದೆ! ಸವಕಳಿ ಕಡಿಮೆಯಾಗಿ ಲಾಭ ಸ್ವಲ್ಪ ಏರಿದರೂ, ಸರಾಸರಿ ಬಂಡವಾಳ ಅದಕ್ಕಿಂತ ಜೋರಾಗಿ ಏರುತ್ತದೆ. ಕೈಗೆ ಜಾಸ್ತಿ ದುಡ್ಡು ಬಂದರೆ ಕೆಳಗೆ ಹೋಗುವ ಅಳತೆಗೋಲು ಇದು. ಇದನ್ನು ಎಷ್ಟು ನಂಬಬೇಕು ಅಂತ ನೀವೇ ಯೋಚಿಸಿ.

ಈಗ ಮುಖ್ಯ ವಿಷಯ, ಆ 3,60,000.

ನಮ್ಮ ಮನೆಯದೇ ಕಥೆ ಹೇಳುತ್ತೇನೆ. ಎಷ್ಟೋ ವರ್ಷದ ಹಿಂದೆ ನಮ್ಮ ತೋಟಕ್ಕೆ ದೊಡ್ಡ ಪಲ್ಪರ್ ತಂದೆವು. ದಿನಕ್ಕೆ ಮೂರಾಳು ಉಳಿಯುತ್ತದೆ ಅಂತ ಲೆಕ್ಕ ಹಾಕಿದವನು ನಾನೇ. ಆಗಷ್ಟೇ ಕಾಸ್ಟ್ ಅಕೌಂಟೆನ್ಸಿ ಪಾಸು ಮಾಡಿದ್ದ ಹುಮ್ಮಸ್ಸು. ಪಲ್ಪರ್ ಚೆನ್ನಾಗಿಯೇ ಓಡಿತು, ಹೇಳಿದ ಹಾಗೆ ಮೂರಾಳಿನ ಕೆಲಸ ಉಳಿಸಿತು. ಕೊಯ್ಲು ಮುಗಿದ ಮೇಲೆ ರೈಟರ್ ಹತ್ತಿರ ಚೆಕ್‌ರೋಲ್ ತೆಗೆಸಿ ಕೂಲಿ ಮೊತ್ತ ನೋಡಿದರೆ ಒಂದು ರೂಪಾಯಿಯೂ ಇಳಿದಿರಲಿಲ್ಲ. ಆ ಮೂವರೂ ಲೈನ್ ಮನೆಯಲ್ಲಿದ್ದ ಕಾಯಂ ಆಳುಗಳು. ಪಲ್ಪರ್ ಹತ್ತಿರ ಕೆಲಸ ಇಲ್ಲ ಅಂದಾಗ ಮೇಸ್ತ್ರಿ ಅವರನ್ನು ಬೇಲಿ ಕಟ್ಟಲು, ಗೊಬ್ಬರ ಗುಂಡಿ ತೆಗೆಯಲು ಕಳಿಸಿದ್ದರು. ಕೆಲಸ ಆಯಿತು, ನಿಜ. ಆದರೆ ಅಪ್ಪ ಕೇಳಿದ್ದು ಒಂದೇ ಮಾತು: “ಉಳಿದ ದುಡ್ಡು ಎಲ್ಲಿ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂದಿನಿಂದ ನಾನು ಆಳಿನ ಲೆಕ್ಕ ಹಾಕುವುದಿಲ್ಲ, ಚೆಕ್‌ರೋಲಿನ ಲೆಕ್ಕ ಹಾಕುತ್ತೇನೆ. ಖರ್ಚು ಉಳಿಸುವ ಯಂತ್ರ ದುಡ್ಡು ತಂದುಕೊಡುವುದಿಲ್ಲ, ಹೊರಗೆ ಹೋಗುವ ದುಡ್ಡು ನಿಲ್ಲಿಸುತ್ತದೆ ಅಷ್ಟೇ. ಹಾಗಾಗಿ ನಿಜವಾಗಿ ಹೋಗುವುದು ನಿಂತರೆ ಮಾತ್ರ ಅದು ಉಳಿತಾಯ.

ಫೋನಿನಲ್ಲಿ ನೀವು ಹೇಳಿದ್ದನ್ನು ಹಿಡಿದು ನಿಮ್ಮ ಕಣದ ಲೆಕ್ಕ ಬಿಚ್ಚಿ ನೋಡೋಣ. ಕಣದಲ್ಲಿ ಆರು ಜನ, ಕೊಯ್ಲಿನಲ್ಲಿ ಸುಮಾರು 100 ದಿನ. ಬೆಳಿಗ್ಗೆ ಹರಡುವುದು, ಗಂಟೆಗೊಮ್ಮೆ ಕೈಯಾಡಿಸುವುದು, ಸಂಜೆ ರಾಶಿ ಮಾಡಿ ಟಾರ್ಪಾಲ್ ಮುಚ್ಚುವುದು. ಡೀಲರ್ ಹೇಳಿದ 600 ಆಳು ಇಲ್ಲಿಂದಲೇ ಬಂದಿದೆ. ಆರರಲ್ಲಿ ನಾಲ್ವರು ಕೊಯ್ಲಿಗೆಂದು ಹೊರಗಿನಿಂದ ಬಂದವರು, ಇಬ್ಬರು ಲೈನಿನವರು.

ಹೊರಗಿನ ನಾಲ್ವರನ್ನು ಈ ಸಲ ಕರೆಯದಿದ್ದರೆ 400 ಆಳಿನ ಕೂಲಿ, 2,40,000, ನಿಜಕ್ಕೂ ಉಳಿಯುತ್ತದೆ. ಲೈನಿನ ಇಬ್ಬರ ಕೂಲಿ ಹೇಗಿದ್ದರೂ ಕೊಡಲೇಬೇಕು. ಅವರನ್ನು ಹಣ್ಣು ಕೊಯ್ಯಲು ಕಳಿಸಿ, ಅದರಿಂದ ಕೆಜಿ ಲೆಕ್ಕದಲ್ಲಿ ಕೊಯ್ಯುವವರಿಗೆ ಕೊಡುವ ದುಡ್ಡು ಅಷ್ಟು ಕಡಿಮೆಯಾದರೆ ಅದೂ ಉಳಿತಾಯವೇ. ಆದರೆ ಅವರು ಪಳಗಿದ ಕೊಯ್ಲುಗಾರರಷ್ಟು ವೇಗವಾಗಿ ಕೊಯ್ಯುವುದಿಲ್ಲ ಅಂತ ನೀವೇ ಹೇಳಿದಿರಿ. ಅದಕ್ಕೆ ಅವರ 200 ಆಳಿನ ಬೆಲೆಯಲ್ಲಿ ಅರ್ಧ ಹಿಡಿದಿದ್ದೇನೆ, 60,000. ಒಟ್ಟು 3,00,000 ಆಯಿತು.

ಇನ್ನು ಡ್ರೈಯರ್ ತಾನೇ ತಿನ್ನುವ ಖರ್ಚು. ಹಾಳೆಯಲ್ಲಿ ಇದರ ಸುದ್ದಿಯೇ ಇಲ್ಲ. ಒಮ್ಮೆ ಹಚ್ಚಿದರೆ ರಾತ್ರಿಯೂ ಓಡಬೇಕು, ಒಲೆ ನೋಡಿಕೊಳ್ಳಲು, ತೇವ ನೋಡಲು ಒಬ್ಬ ಬೇಕು. 60 ರಾತ್ರಿಗೆ 750ರಂತೆ 45,000. ಕರೆಂಟು, ಕರೆಂಟು ಹೋದಾಗ ಜನರೇಟರ್ ಡೀಸೆಲ್ ಸೇರಿ 20,000. ರಿಪೇರಿಗೆ 10,000. ಸೌದೆಗೆ 15,000. “ಸೌದೆ ನಮ್ಮ ತೋಟದ್ದೇ, ಮರಗಸಿ ಮಾಡಿದಾಗ ಬಿದ್ದದ್ದು, ದುಡ್ಡಿಲ್ಲ” ಅಂದಿರಿ. ಆದರೆ ಅದೇ ಸೌದೆಯನ್ನು ಪ್ರತಿವರ್ಷ ಲಾರಿಯವನಿಗೆ ಮಾರುತ್ತೀರಿ ಅಂತಲೂ ಅದೇ ಫೋನಿನಲ್ಲಿ ಹೇಳಿದಿರಿ. ಹಾಗಾದರೆ ಒಲೆಗೆ ಹಾಕಿದ ಸೌದೆಯ ಬೆಲೆ ಅಂದರೆ ಲಾರಿಯವನು ಕೊಡುತ್ತಿದ್ದ ದುಡ್ಡು. ಎಲ್ಲ ಸೇರಿ 90,000. ನಿಜವಾದ ಉಳಿತಾಯ ವರ್ಷಕ್ಕೆ 2,10,000.

ಅತ್ತ ಬೆಲೆಯೂ 10,80,000ಕ್ಕೆ ನಿಲ್ಲುವುದಿಲ್ಲ. ಶೆಡ್ಡು, ಕಾಂಕ್ರೀಟ್ ಬುನಾದಿ, ತ್ರೀ ಫೇಸ್ ಲೈನ್ ಎಳೆಸುವುದು ಸೇರಿ 1,80,000 ಆಗುತ್ತದೆ ಅಂತ ನಿಮ್ಮ ಗಾರೆಯವರು, ಎಲೆಕ್ಟ್ರಿಷಿಯನ್ ಇಬ್ಬರೂ ಲೆಕ್ಕ ಕೊಟ್ಟಿದ್ದಾರೆ. ಡ್ರೈಯರ್ ಇಲ್ಲದಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಹಾಗಾಗಿ ಇದೂ ಯಂತ್ರದ ಬೆಲೆಯೇ. ಒಟ್ಟು 12,60,000.

ಪೇಬ್ಯಾಕ್ ಅವಧಿಯ ಸೂತ್ರ ಎಲ್ಲರಿಗೂ ಗೊತ್ತಿರುವುದೇ:

```
ಪೇಬ್ಯಾಕ್ = ಹಾಕಿದ ದುಡ್ಡು ÷ ವರ್ಷದ ನಗದು ಉಳಿತಾಯ
         = 12,60,000 ÷ 2,10,000 = 6 ವರ್ಷ
```

ಮೂರು ವರ್ಷ ಇದ್ದದ್ದು ಆರಾಯಿತು. ಯಾರೂ ಸುಳ್ಳು ಹೇಳಿಲ್ಲ, ಸೂತ್ರವೂ ಬದಲಾಗಿಲ್ಲ. ಒಳಗೆ ಹಾಕಿದ ಎರಡು ಅಂಕಿ ಬದಲಾದವು ಅಷ್ಟೇ. ಒಂದು ವಿಷಯ ಗಮನಿಸಿ, ಇಲ್ಲಿ ನಾನು ಸವಕಳಿ ಕಳೆಯಲಿಲ್ಲ. ಪೇಬ್ಯಾಕ್ ನೋಡುವುದು ಕೈಗೆ ಬರುವ, ಕೈಯಿಂದ ಹೋಗುವ ದುಡ್ಡನ್ನು. ಸವಕಳಿ ಅಂತ ಯಾರಿಗೂ ದುಡ್ಡು ಕೊಡುವುದಿಲ್ಲ, ಅದು ಪುಸ್ತಕದಲ್ಲಿ ಬರೆಯುವ ನಮೂದು. ಉಳಿತಾಯದಿಂದ ಸವಕಳಿ ಕಳೆದು ಆಮೇಲೆ ಪೇಬ್ಯಾಕ್ ಹಾಕಿದರೆ ಒಂದೇ ಬೆಲೆಯನ್ನು ಎರಡು ಸಲ ವಸೂಲಿ ಮಾಡಿದ ಹಾಗೆ. ವಿದ್ಯಾರ್ಥಿಗಳು ಜಾಸ್ತಿ ಎಡವುವುದು ಇಲ್ಲೇ. ಎಆರ್‌ಆರ್‌ನಲ್ಲಿ ಮಾತ್ರ ಸವಕಳಿ ಕಳೆಯಲೇಬೇಕು, ಅದು ಪುಸ್ತಕದ ಲಾಭವನ್ನು ಅಳೆಯುವ ಗೋಲು.

ಕಾಫಿಯವರು ಪೇಬ್ಯಾಕನ್ನು ವರ್ಷದಲ್ಲಿ ಎಣಿಸುವ ಬದಲು ಕೊಯ್ಲಿನಲ್ಲಿ ಎಣಿಸುವುದು ಒಳ್ಳೆಯದು. ಅಂಗಡಿಗೆ ಯಂತ್ರ ತಂದವನಿಗೆ ಉಳಿತಾಯ ಪ್ರತಿ ತಿಂಗಳೂ ಬರುತ್ತದೆ, ಅವನು 3 ವರ್ಷ 4 ತಿಂಗಳು ಅಂತ ಲೆಕ್ಕ ಹಾಕಿದರೆ ಅರ್ಥ ಇದೆ. ನಿಮ್ಮ ಡ್ರೈಯರ್ ಹುತ್ತರಿಯ ಆಸುಪಾಸಿನಲ್ಲಿ ಶುರುವಾದರೆ ಮಾರ್ಚಿಗೆ ಮುಗಿಯುತ್ತದೆ. ಉಳಿದ ಎಂಟು ತಿಂಗಳು ಶೆಡ್ಡಿನಲ್ಲಿ ಮಲಗಿರುತ್ತದೆ, ಒಂದು ರೂಪಾಯಿಯೂ ಉಳಿಸುವುದಿಲ್ಲ. ಹಾಗಾಗಿ ಲೆಕ್ಕದಲ್ಲಿ 5.3 ಅಂತ ಬಂದರೆ ನಿಮಗೆ ಅದು ಆರು ಕೊಯ್ಲು. ಯಂತ್ರವನ್ನು ಏಪ್ರಿಲ್‌ನಲ್ಲಿ ಕೊಂಡರೆ ಬಡ್ಡಿ ಅಂದೇ ಶುರು, ಉಳಿತಾಯ ಮಾತ್ರ ಡಿಸೆಂಬರ್‌ಗೆ. “ಮಳೆಗೆ ಮೊದಲು ಬುಕ್ ಮಾಡಿದರೆ ಡಿಸ್ಕೌಂಟ್” ಅಂದರೆ ಆ ಡಿಸ್ಕೌಂಟು ಎಂಟು ತಿಂಗಳ ಬಡ್ಡಿಗಿಂತ ಜಾಸ್ತಿ ಇದೆಯಾ ಅಂತ ನೋಡಿ. 9 ಲಕ್ಷಕ್ಕೆ 10%ರಂತೆ ಎಂಟು ತಿಂಗಳ ಬಡ್ಡಿ 60,000 ಆಗುತ್ತದೆ.

ಪೇಬ್ಯಾಕ್‌ನಿಂದ ಇರುವ ದೊಡ್ಡ ಉಪಯೋಗ ಏನು ಅಂದರೆ, ಅದನ್ನು ಸಾಲದ ಅವಧಿಯ ಪಕ್ಕದಲ್ಲಿ ಇಟ್ಟು ನೋಡಬಹುದು. 9 ಲಕ್ಷಕ್ಕೆ 10% ಬಡ್ಡಿ, ಐದು ವರ್ಷ, ವರ್ಷಕ್ಕೊಂದು ಸಮ ಕಂತು ಅಂದರೆ ಕಂತು ಸುಮಾರು 2,37,400 ಬರುತ್ತದೆ. ಡ್ರೈಯರ್ ಉಳಿಸುವುದು 2,10,000. ಅಂದರೆ ಐದು ವರ್ಷವೂ ಸುಮಾರು 27,000 ನಿಮ್ಮ ಜೇಬಿನಿಂದ ಹೋಗಬೇಕು, ಕೈಯಿಂದ ಮೊದಲೇ ಹಾಕಿದ 3,60,000 ಬೇರೆ. ಬೆಲೆ ಬಿದ್ದ ವರ್ಷ, ಫಸಲು ಕಡಿಮೆಯಾದ ವರ್ಷ ಈ ಕೊರತೆ ತುಂಬಲು ಆಗುತ್ತದಾ? ಈ ಪ್ರಶ್ನೆಗೆ ಎಆರ್‌ಆರ್ ಏನೂ ಹೇಳುವುದಿಲ್ಲ. ಪೇಬ್ಯಾಕ್ ಹೇಳುತ್ತದೆ: ಸಾಲ ಐದು ವರ್ಷದ್ದು, ದುಡ್ಡು ವಾಪಸಾಗುವುದು ಆರು ವರ್ಷಕ್ಕೆ. ಈ ಒಂದು ಕಾರಣಕ್ಕೆ ನಾನು ಈ ಹಳೇ ಅಳತೆಗೋಲನ್ನು ಇನ್ನೂ ಬಿಟ್ಟಿಲ್ಲ.

ಹೊಸ ಅಂಕಿ ಹಾಕಿ ಎಆರ್‌ಆರ್ ಕೂಡ ನೋಡಿಬಿಡೋಣ. 12,60,000ದಿಂದ ಗುಜರಿ 1,20,000 ಕಳೆದರೆ 11,40,000. ಎಂಟು ವರ್ಷಕ್ಕೆ ಹಂಚಿದರೆ ಸವಕಳಿ 1,42,500. ಲಾಭ ಉಳಿಯುವುದು 67,500 ಮಾತ್ರ. ಮೊದಲ ದಿನದ ಬಂಡವಾಳದ ಮೇಲೆ 5.4%, ಸರಾಸರಿ ಬಂಡವಾಳ 6,90,000ದ ಮೇಲೆ 9.8%. ನೋಡಿ, 40 ಇದ್ದದ್ದು 10ರ ಹತ್ತಿರ ಬಂತು. ಉಳಿತಾಯದ ಅಂಕಿ ಅಲ್ಲಾಡಿದರೆ ಎಆರ್‌ಆರ್ ಪೇಬ್ಯಾಕಿಗಿಂತ ಜೋರಾಗಿ ಅಲ್ಲಾಡುತ್ತದೆ. ಯಾಕೆಂದರೆ ಉಳಿತಾಯ ಇಳಿದರೂ ಸವಕಳಿ ಇಳಿಯುವುದಿಲ್ಲ, ಇಲ್ಲಂತೂ ಶೆಡ್ಡಿನ ಖರ್ಚು ಸೇರಿ ಅದೂ ಏರಿತು. ಹೊಡೆತವೆಲ್ಲ ಲಾಭದ ಮೇಲೇ ಬೀಳುತ್ತದೆ.

ಈಗ ನಿಮಗೆ ಹೀಗೆ ಅನ್ನಿಸಬಹುದು: ಯಂತ್ರ ಎಂಟು ವರ್ಷ ಬಾಳುತ್ತದೆ, ಆರಕ್ಕೆ ದುಡ್ಡು ವಾಪಸ್, ಮತ್ತೆ ಎರಡು ವರ್ಷ ಲಾಭ. ಎಆರ್‌ಆರ್ 9.8, ಬಡ್ಡಿ 10. ಸರಿಸುಮಾರು ಸಮ. ತಂದರೆ ನಷ್ಟವೇನಿಲ್ಲ ಅಲ್ವಾ?

ಇದೆ. ಎರಡೂ ಅಳತೆಗೋಲಿಗೆ ಇರುವ ಒಂದೇ ಕುರುಡು ಇಲ್ಲಿದೆ. ಈ ಕೊಯ್ಲಿನಲ್ಲಿ ಉಳಿದ ರೂಪಾಯಿಯನ್ನೂ ಎಂಟನೇ ಕೊಯ್ಲಿನಲ್ಲಿ ಉಳಿಯುವ ರೂಪಾಯಿಯನ್ನೂ ಅವು ಒಂದೇ ತಕ್ಕಡಿಯಲ್ಲಿ ತೂಗುತ್ತವೆ. 10% ಬಡ್ಡಿ ಕಟ್ಟುವವರಿಗೆ ಅವೆರಡೂ ಒಂದೇ ಅಲ್ಲ. ಒಂದು ವರ್ಷ ಬಿಟ್ಟು ಬರುವ 2,10,000ದ ಇವತ್ತಿನ ಬೆಲೆ ಸುಮಾರು 1,90,900. ಆರನೇ ವರ್ಷದ 2,10,000ಕ್ಕೆ ಇವತ್ತಿನ ಬೆಲೆ 1,18,500. ಎಂಟನೇ ವರ್ಷದ್ದಕ್ಕೆ 98,000. ಹೀಗೆ ಎಂಟೂ ವರ್ಷದ್ದು ಕೂಡಿದರೆ 11,20,300 ಆಗುತ್ತದೆ, ಕೊನೆಯ ಗುಜರಿಯ 1,20,000ಕ್ಕೆ ಇವತ್ತು 56,000. ಎಲ್ಲ ಸೇರಿ ಸುಮಾರು 11,76,300. ನೀವು ಕೊಡುವುದು 12,60,000. ಸುಮಾರು 84,000 ಕೈಬಿಡುತ್ತದೆ. “ಆರು ವರ್ಷಕ್ಕೆ ವಾಪಸ್” ಅಂತ ಹೇಳಿದ ಯಂತ್ರ, ಬಡ್ಡಿ ಸೇರಿಸಿ ನೋಡಿದರೆ ತನ್ನ ಆಯುಸ್ಸಿನಲ್ಲೇ ದುಡ್ಡು ವಾಪಸ್ ಕೊಡುವುದಿಲ್ಲ.

ಇದನ್ನು ಕೈಯಲ್ಲಿ ಹಾಕುವ ಗೋಜು ಬೇಡ. ನಿಮ್ಮ ತಂಗಿ ಮಗನಿಗೆ ಹೇಳಿ, ಎಕ್ಸೆಲ್‌ನಲ್ಲಿ B1ರಿಂದ B8ರವರೆಗೆ ಎಂಟು ವರ್ಷದ ಉಳಿತಾಯ ಹಾಕಲಿ. ಎಂಟನೆಯದರಲ್ಲಿ ಗುಜರಿಯೂ ಸೇರಿ 3,30,000. ಆಮೇಲೆ ಇದು:

```
=NPV(10%,B1:B8)-1260000
```

ಇವತ್ತು ಕೊಡುವ 12,60,000ವನ್ನು ಬ್ರಾಕೆಟ್ಟಿನ ಹೊರಗೇ ಇಡಲಿ. ಒಳಗೆ ಹಾಕಿದರೆ ಅದನ್ನೂ ಒಂದು ವರ್ಷ ಬಿಟ್ಟು ಕೊಡುವ ದುಡ್ಡು ಅಂತ ಎಕ್ಸೆಲ್ ತಿಳಿದುಕೊಳ್ಳುತ್ತದೆ. ಇನ್ನೊಂದು, ಉಳಿತಾಯದ ಅಂಕಿಯಿಂದ ಬ್ಯಾಂಕಿನ ಬಡ್ಡಿ ಕಳೆಯುವುದು ಬೇಡ. 10% ಅಂತ ಹಾಕಿದಾಗಲೇ ಬಡ್ಡಿ ಲೆಕ್ಕಕ್ಕೆ ಬಂದಾಯಿತು. ಮತ್ತೆ ಕಳೆದರೆ ಎರಡು ಸಲ ಆಗುತ್ತದೆ, ಒಳ್ಳೆಯ ಯಂತ್ರವೂ ಕೆಟ್ಟದಾಗಿ ಕಾಣುತ್ತದೆ.

ಇದೇ ಅಂಕಿಗಳಿಂದ ಯಂತ್ರದ ನಿಜವಾದ ಗಳಿಕೆ ಎಷ್ಟು ಅಂತ ಹುಡುಕಿದರೆ ವರ್ಷಕ್ಕೆ ಸುಮಾರು 8.2% ಬರುತ್ತದೆ. ಎಆರ್‌ಆರ್ ಒಂದು ರೀತಿಯಲ್ಲಿ 5.4 ಅಂದಿತು, ಇನ್ನೊಂದರಲ್ಲಿ 9.8. ಎರಡರಲ್ಲಿ ಯಾವುದೂ ಗುರಿ ಮುಟ್ಟಲಿಲ್ಲ. ಎಆರ್‌ಆರ್‌ನ ಕೊನೆಯಲ್ಲಿ ಶೇಕಡಾ ಚಿಹ್ನೆ ಇದೆ ಅಂತ ಅದನ್ನು ಬ್ಯಾಂಕ್ ಬಡ್ಡಿಯ ಪಕ್ಕ ನಿಲ್ಲಿಸಿ ಹೋಲಿಸುತ್ತಾರೆ. ಬಡ್ಡಿ ಲೆಕ್ಕ ಆಗುವುದು ಬಾಕಿ ಇರುವ ದುಡ್ಡಿನ ಮೇಲೆ, ದಿನ ಎಣಿಸಿ. ಎಆರ್‌ಆರ್‌ಗೆ ದಿನವೂ ಗೊತ್ತಿಲ್ಲ, ವರ್ಷವೂ ಗೊತ್ತಿಲ್ಲ, ಅದು ಬರೀ ಸರಾಸರಿ. ಮೊದಲ ನಾಲ್ಕು ವರ್ಷ ಚೆನ್ನಾಗಿ ಓಡಿ ಆಮೇಲೆ ರಿಪೇರಿಗೇ ದುಡ್ಡು ತಿನ್ನುವ ಯಂತ್ರಕ್ಕೂ, ಮೊದಲು ತಿಂದು ಕೊನೆಗೆ ಚೆನ್ನಾಗಿ ಓಡುವ ಯಂತ್ರಕ್ಕೂ ಅದು ಒಂದೇ ಅಂಕಿ ಕೊಡುತ್ತದೆ.

ಇಷ್ಟು ಹೇಳಿ “ಕೊಳ್ಳಬೇಡಿ” ಅಂತ ಮುಗಿಸಿದರೆ ನಿಮಗೆ ಅನ್ಯಾಯ ಮಾಡಿದ ಹಾಗೆ. ನಾನು ಒಂದು ತುಂಬಾ ದೊಡ್ಡ ವಿಷಯ ಸುಮ್ನೆ ಬಿಟ್ಟಿದ್ದೇನೆ. ಎಂಟು ವರ್ಷವೂ ಕೂಲಿ 600 ರೂಪಾಯಿಯೇ ಇರುತ್ತದೆ ಅಂತ ಹಿಡಿದಿದ್ದೇನೆ. ಕೊಡಗಿನಲ್ಲಿ ತೋಟ ಇಟ್ಟವರು ಯಾರೂ ಇದನ್ನು ಒಪ್ಪುವುದಿಲ್ಲ.

ಕೂಲಿಯೂ, ಡ್ರೈಯರ್ ಖರ್ಚೂ ವರ್ಷಕ್ಕೆ 6% ಏರುತ್ತವೆ ಅಂತ ಇಟ್ಟುಕೊಳ್ಳಿ. ಹಾಗಾದರೆ ಉಳಿತಾಯವೂ ವರ್ಷಕ್ಕೆ 6% ಏರುತ್ತದೆ: ಮೊದಲ ವರ್ಷ 2,10,000, ಎರಡನೇ ವರ್ಷ 2,22,600, ಹೀಗೆ. ಐದು ಕೊಯ್ಲು ಮುಗಿದಾಗ ಒಟ್ಟು ಸುಮಾರು 11,83,800. ಇನ್ನೂ 12,60,000 ಆಗಿಲ್ಲ. ಆರನೇ ಕೊಯ್ಲಿನಲ್ಲಿ ದಾಟುತ್ತದೆ. ಅಂದರೆ ಕೊಯ್ಲಿನ ಲೆಕ್ಕದಲ್ಲಿ ಪೇಬ್ಯಾಕ್ ಅದೇ ಆರು! ಆದರೆ ಇವತ್ತಿನ ಬೆಲೆಗೆ ಇಳಿಸಿ ಕೂಡಿದರೆ 84,000 ನಷ್ಟ ಇದ್ದದ್ದು ಸುಮಾರು 1,42,000 ಲಾಭ ಆಗುತ್ತದೆ.

ಪೇಬ್ಯಾಕ್‌ನ ಮಿತಿ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಯಂತ್ರ ಬೇಡ ಅನ್ನುವ ಉತ್ತರ ಬೇಕು ಅಂತ ತಿರುಗಿತು, ಪೇಬ್ಯಾಕ್ ಜಾಗ ಬಿಟ್ಟು ಕದಲಲಿಲ್ಲ. ಆರನೇ ಕೊಯ್ಲು ದಾಟಿದ ಮೇಲೆ ಏನಾಗುತ್ತದೆ ಅಂತ ಅದು ನೋಡುವುದೇ ಇಲ್ಲ. ಕೂಲಿ ಏರಿದ್ದರ ಲಾಭ ಜಾಸ್ತಿ ಬರುವುದು ಆ ಕೊನೆಯ ವರ್ಷಗಳಲ್ಲೇ. ಹಾಗೆಯೇ, ಎಂಟು ವರ್ಷ ಬಾಳುವ ಡ್ರೈಯರ್ ಒಂದು, ಅದೇ ಬೆಲೆಗೆ ಅಷ್ಟೇ ಉಳಿಸುತ್ತ ಹನ್ನೆರಡು ವರ್ಷ ಬಾಳುವುದು ಇನ್ನೊಂದು ಇದ್ದರೆ, ಪೇಬ್ಯಾಕ್‌ಗೆ ಎರಡೂ ಒಂದೇ. ಎಆರ್‌ಆರ್ ಈ ವಿಷಯದಲ್ಲಿ ಸ್ವಲ್ಪ ವಾಸಿ, ಪೂರ್ತಿ ಆಯುಸ್ಸನ್ನು ನೋಡುತ್ತದೆ. ಕೂಲಿ ಏರಿದರೆ ಸರಾಸರಿ ಬಂಡವಾಳದ ಮೇಲಿನ ಎಆರ್‌ಆರ್ 9.8ರಿಂದ 17ಕ್ಕೆ ಏರುತ್ತದೆ, ದಿಕ್ಕು ಸರಿಯಾಗಿ ತೋರಿಸಿತು. ಎಷ್ಟು ಅನ್ನುವುದನ್ನು ಮಾತ್ರ ನಂಬಬೇಡಿ.

ಮಳೆ ವಿಷಯ ನೀವು ಕೇಳಲಿಲ್ಲ, ಆದರೆ ಡ್ರೈಯರ್ ಬೇಕು ಅನ್ನಿಸಿದ್ದರ ಹಿಂದೆ ಅದೂ ಇದೆ ಅಂತ ನನ್ನ ಅನುಮಾನ. ಜನವರಿಯಲ್ಲಿ ಕಣದ ತುಂಬ ಹಣ್ಣು ಹರಡಿರುವಾಗ ಮೋಡ ಕವಿದರೆ ಆಗುವ ಸಂಕಟ ಎಲ್ಲರಿಗೂ ಗೊತ್ತು. ನೆನೆದ ಕಾಫಿಗೆ ಬೂಷ್ಟು ಹಿಡಿದು ಬೆಲೆ ಕಡಿತ ಆಗುವುದೂ ಗೊತ್ತು. ಇದನ್ನು ಡೀಲರ್‌ಗಳು ಸಾಮಾನ್ಯವಾಗಿ ಒಂದು ದೊಡ್ಡ ಅಂಕಿ ಮಾಡಿ ಉಳಿತಾಯದ ಜೊತೆ ಕಲಸಿಬಿಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಕೂಲಿ ಪ್ರತಿವರ್ಷ ಖಂಡಿತ ಕೊಡುವಂಥದ್ದು, ಮಳೆ ಬಂದರೆ ಬಂತು. ಅದಕ್ಕೆ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತೇನೆ: ಕೂಲಿ ಏರದೇ ಇದ್ದರೂ ಈ ಯಂತ್ರ ತನ್ನ ಬೆಲೆ ತೀರಿಸಬೇಕಾದರೆ, ಅದು ವರ್ಷಕ್ಕೆ ಎಷ್ಟು ಮಳೆ ನಷ್ಟ ತಪ್ಪಿಸಬೇಕು? 84,000 ಕೊರತೆಯನ್ನು ಎಂಟು ವರ್ಷಕ್ಕೆ 10% ಬಡ್ಡಿ ಸೇರಿಸಿ ಹಂಚಿದರೆ ವರ್ಷಕ್ಕೆ ಸುಮಾರು 15,700 ಬರುತ್ತದೆ. ಎಂಟು ವರ್ಷದಲ್ಲಿ ಎರಡು ಸಲ ಮಾತ್ರ ಅಂಥ ಮಳೆ ಬಂದರೂ, ಒಂದೊಂದು ಸಲಕ್ಕೆ 63,000ದ ಆಸುಪಾಸು ನಷ್ಟ ತಪ್ಪಿದರೆ ಸಾಕು.

ಈ ಅಂಕಿ ನಿಮ್ಮ ಹತ್ತಿರವೇ ಇದೆ. ಹಿಂದಿನ ಎಂಟು ಹತ್ತು ವರ್ಷದ ಕಾಫಿ ಮಾರಿದ ಚೀಟಿಗಳನ್ನು ತೆಗೆಯಿರಿ. ಯಾವ ವರ್ಷ ಕಣದಲ್ಲಿ ನೆನೆದ ಮಾಲನ್ನು ಬೇರೆ ಮಾರಿದಿರಿ, ಆ ದಿನ ಒಳ್ಳೆಯ ಮಾಲಿಗೆ ಎಷ್ಟಿತ್ತು, ನಿಮಗೆ ಎಷ್ಟು ಸಿಕ್ಕಿತು ನೋಡಿ. ನೆನಪಿನಿಂದ ಹೇಳಬೇಡಿ, ಮಳೆ ಬಂದ ವರ್ಷ ನೆನಪಿನಲ್ಲಿ ದೊಡ್ಡದಾಗುತ್ತದೆ.

ಸಬ್ಸಿಡಿ ಸಿಗುವ ಹಾಗಿದ್ದರೆ ಅದನ್ನು ಬೆಲೆಯಿಂದ ಈಗಲೇ ಕಳೆಯಬೇಡಿ. ದುಡ್ಡು ಯಾವಾಗ ಖಾತೆಗೆ ಬೀಳುತ್ತದೋ ಆ ವರ್ಷದ ಮನೆಯಲ್ಲಿ ಹಾಕಿ. ಅಲ್ಲಿಯವರೆಗೆ ಪೂರ್ತಿ ಬೆಲೆ ನೀವೇ ಹೊತ್ತಿರುತ್ತೀರಿ, ಬಡ್ಡಿಯೂ ಪೂರ್ತಿಯದೇ. ತೆರಿಗೆಯನ್ನು ನಾನು ಲೆಕ್ಕಕ್ಕೆ ತಂದಿಲ್ಲ, ನಿಮ್ಮ ಆಡಿಟರ್ ಹತ್ತಿರ ಅದೊಂದು ಕೇಳಿಕೊಳ್ಳಿ.

ನನ್ನನ್ನು ಕೇಳಿದರೆ, ಈಗಿರುವ ಕೊಟೇಶನ್‌ಗೆ ಈ ವರ್ಷ ಸಹಿ ಹಾಕಬೇಡಿ ಅನ್ನುತ್ತೇನೆ. ಡ್ರೈಯರ್ ಕೆಟ್ಟದ್ದು ಅಂತ ಅಲ್ಲ, ಕೂಲಿ ಏರಿಕೆ ನಿಜವಾದರೆ ಅದು ನಿಲ್ಲುವ ಯಂತ್ರವೇ. ತೊಂದರೆ ಇರುವುದು ಐದು ವರ್ಷದ ಸಾಲದಲ್ಲಿ. ಅದೇ 9 ಲಕ್ಷ, ಅದೇ ಬಡ್ಡಿ, ಏಳು ವರ್ಷಕ್ಕೆ ಕೊಡುತ್ತಾರಾ ಅಂತ ಬ್ಯಾಂಕಿನಲ್ಲಿ ಕೇಳಿ. ಕೊಟ್ಟರೆ ಕಂತು ಸುಮಾರು 1,84,900ಕ್ಕೆ ಇಳಿಯುತ್ತದೆ, ಮೊದಲ ಕೊಯ್ಲಿನಿಂದಲೇ ಡ್ರೈಯರ್ ತನ್ನ ಕಂತು ತಾನೇ ಕಟ್ಟುತ್ತದೆ. ಅಷ್ಟರಲ್ಲಿ ರೈಟರ್‌ಗೆ ಹೇಳಿ, ಈ ಕೊಯ್ಲಿನಲ್ಲಿ ಕಣದ ಆಳುಗಳನ್ನು ಚೆಕ್‌ರೋಲಿನಲ್ಲಿ ಬೇರೆಯೇ ಬರೆಯಲಿ. ಹೊರಗಿನವರು ಎಷ್ಟು, ಲೈನಿನವರು ಎಷ್ಟು, ದಿನವೂ. ಈಗ ನಾನು ಹಾಕಿದ 400 ಮತ್ತು 200 ನೀವು ಫೋನಿನಲ್ಲಿ ಅಂದಾಜಿಗೆ ಹೇಳಿದ್ದು. ಮಾರ್ಚಿನಲ್ಲಿ ಆ ಪುಸ್ತಕ ಮತ್ತು ಮಾರಾಟದ ಚೀಟಿಗಳನ್ನು ಕಳಿಸಿ, ಇದೇ ಲೆಕ್ಕವನ್ನು ನಿಜವಾದ ಅಂಕಿ ಹಾಕಿ ಮತ್ತೆ ಮಾಡೋಣ.